ಗ್ರಹಣದ ಒನಕೆ ಮತ್ತು ಒಂದೂವರೆ ನಿಮಿಷದ ವಿಡಿಯೋ: ನನ್ನ ಅನುಭವ

ಗ್ರಹಣದ ಬಗ್ಗೆ ನಾನು ಮಾಡಿದ ವಿಡಿಯೋಗಳ ಪೈಕಿ ನಮ್ಮ ಗುಬ್ಬಿ ತಾಲ್ಲೂಕಿನ ಹಳ್ಳಿಗಳಲ್ಲಿ ಜನ ಕೊನೆಯವರೆಗೂ ನೋಡಿ, ಯಾರೂ ಹೇಳದೆ ತಾವಾಗಿಯೇ ನೆಂಟರಿಷ್ಟರಿಗೆ ಕಳುಹಿಸಿದ್ದು ಒಂದನ್ನೇ. ಅದರಲ್ಲಿ ಇರುವುದು ಒಬ್ಬ ಅಜ್ಜಿ, ಅವರ ಮನೆಯ ಒನಕೆ ಮತ್ತು ನೀರು ತುಂಬಿದ ಒಂದು ಹಿತ್ತಾಳೆ ತಟ್ಟೆ. ವಾದವಿಲ್ಲ, ಹಿನ್ನೆಲೆ ಸಂಗೀತವಿಲ್ಲ, ತಜ್ಞರ ಮಾತೂ ಇಲ್ಲ. ಇಂಥದ್ದನ್ನು ಯಾರು ನೋಡುತ್ತಾರೆ, ಗ್ರಹಣವೆಂದರೆ ಇಬ್ಬರನ್ನು ಎದುರುಬದುರು ಕೂರಿಸಿ ಜಗಳ ಹಚ್ಚಿದರೆ ಮಾತ್ರ ಓಡುತ್ತದೆ ಎಂದು ಜೊತೆಯವರು ಹೇಳಿದ್ದರು. ಆ ಕಾರಣಕ್ಕೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ಮಾಡಿಸಿದ್ದು ಭೂಮಿ, ಚಂದ್ರ, ನೆರಳುಗಳ ಅನಿಮೇಷನ್. ತುಮಕೂರಿನ ಒಬ್ಬ ಹುಡುಗನಿಗೆ ಏಳು ಸಾವಿರದಷ್ಟು ಕೊಟ್ಟ ನೆನಪು. ಚಿತ್ರ ಚೆನ್ನಾಗಿಯೇ ಬಂದಿತ್ತು. ಶಾಲೆಗಳಲ್ಲಿ, ಸಂಘದ ಸಭೆಗಳಲ್ಲಿ ತೋರಿಸಿದಾಗ ಭೂಮಿಯ ನೆರಳು ಚಂದ್ರನ ಮೇಲೆ ಬೀಳುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ಅದು ಅವರಿಗೆ ಗೊತ್ತಿದ್ದದ್ದೇ. ಆದರೆ ಎಲ್ಲಿ ತೋರಿಸಿದರೂ ಹಿಂದಿನ ಸಾಲಿನಿಂದ ಯಾರಾದರೊಬ್ಬರು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಅದೆಲ್ಲಾ ಸರಿ ಸ್ವಾಮಿ, ಗ್ರಾಣ ಹಿಡಿದಾಗ ಒನಕೆ ತಂತಾನೇ ನಿಂತ್ಕೊಳ್ಳುತ್ತಲ್ಲ, ಅದ್ಯಾಕೆ?" ಏಳು ಸಾವಿರ ರೂಪಾಯಿಯ ಅನಿಮೇಷನ್‌ನಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ನಮ್ಮ ಕಡೆ ಈ ರೂಢಿ ಎಲ್ಲರಿಗೂ ಗೊತ್ತು. ಗ್ರಹಣ ಹಿಡಿಯುವ ಹೊತ್ತಿಗೆ ತಟ್ಟೆಯಲ್ಲಿ ನೀರು ಹಾಕಿ, ಕೆಲವು ಮನೆಗಳಲ್ಲಿ ಅದಕ್ಕೆ ಅರಿಶಿನ ಕಲಸಿ, ನಡುವೆ ಒನಕೆ ನಿಲ್ಲಿಸುತ್ತಾರೆ. ಗ್ರಹಣ ಇರುವಷ್ಟು ಹೊತ್ತು ಅದು ನಿಂತಿರುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ ಎಂಬುದು ನಂಬಿಕೆ. ಇದನ್ನು ಹೇಳುವವರು ಕೇಳಿದ ಕಥೆ ಹೇಳುತ್ತಿಲ್ಲ, ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದಾರೆ. ಒನಕೆ ನಿಂತದ್ದು ನಿಜ. ಆದ್ದರಿಂದ "ಅದು ಸುಳ್ಳು" ಎಂದು ಶುರುವಾಗುವ ಯಾವ ವಿಡಿಯೋವೂ ಅವರ ಮಟ್ಟಿಗೆ ಅಲ್ಲೇ ಮುಗಿಯುತ್ತದೆ. ಕಂಡದ್ದನ್ನು ಒಪ್ಪಿಕೊಂಡು, ಕಾರಣವನ್ನು ಮಾತ್ರ ಬೇರೆಯಾಗಿ ತೋರಿಸಬೇಕೆಂದು ನಾನು ತೀರ್ಮಾನಿಸಿದೆ.

ಗ್ರಹಣವಿಲ್ಲದ ಒಂದು ದಿನ ನಮ್ಮ ಮನೆಯಲ್ಲೇ ಒನಕೆ ನಿಲ್ಲಿಸಿ ಚಿತ್ರೀಕರಿಸಿ ನಾಲ್ಕಾರು ಗುಂಪುಗಳಿಗೆ ಹಾಕಿದೆ. ತಟ್ಟೆಯ ಕೆಳಗೆ ಅಯಸ್ಕಾಂತವಿದೆ ಎಂದರು, ತುದಿಗೆ ಅಂಟು ಹಚ್ಚಿದ್ದಾರೆ ಎಂದರು. ಅವರ ಅನುಮಾನ ಸಹಜವೇ ಆಗಿತ್ತು: ಒನಕೆ ನನ್ನದು, ತಟ್ಟೆ ನನ್ನದು, ಕೈ ನನ್ನದು. ನಂಬುವವರ ಒನಕೆಯನ್ನು, ನಂಬುವವರ ಮನೆಯಲ್ಲಿ, ನಂಬುವವರ ಕೈಯಿಂದಲೇ ನಿಲ್ಲಿಸಬೇಕು, ಕತ್ತರಿಸದ ಒಂದೇ ಶಾಟ್‌ನಲ್ಲಿ ಅದು ಕಾಣಬೇಕು ಎಂಬ ಕ್ರಮ ಅಲ್ಲಿಂದ ಹುಟ್ಟಿತು.

ಅದಕ್ಕೆ ಮುಂಚೆ ಯಾವ ಒನಕೆ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ತಿಳಿಯಬೇಕಿತ್ತು. ಊರಿನಲ್ಲಿ ಸಿಕ್ಕ ಏಳೆಂಟು ಒನಕೆಗಳನ್ನು ಬೇರೆ ಬೇರೆ ದಿನ ನಿಲ್ಲಿಸಿ ನೋಡಿದೆ. ತುದಿಗೆ ಕಬ್ಬಿಣದ ಬಳೆ ಹಾಕಿದ್ದು, ಬಳೆಯ ಅಂಚು ಸುತ್ತಲೂ ಸಮನಾಗಿ ಸವೆದಿದ್ದರೆ ಅದು ನಿಲ್ಲುತ್ತದೆ. ಮರದ ತುದಿ ಉಬ್ಬಿ ಬಳೆಯಿಂದ ಹೊರಗೆ ಬಂದಿದ್ದರೆ, ಅಥವಾ ಒಂದೇ ಕಡೆ ಸವೆದಿದ್ದರೆ, ಗ್ರಹಣವಿರಲಿ ಇಲ್ಲದಿರಲಿ, ಅದು ನಿಲ್ಲುವುದಿಲ್ಲ. ಅಲಂಕಾರಕ್ಕೆಂದು ಕಡೆಸಿದ, ಬುಡ ಗುಂಡಗಿರುವ ಹೊಸ ಒನಕೆಯೂ ಅಷ್ಟೇ. ಉಗುರಿನಿಂದ ಬಳೆಯ ಅಂಚನ್ನು ಒಂದು ಸುತ್ತು ಸವರಿದರೆ ಸಾಕು, ನಿಲ್ಲುವ ಒನಕೆ ಯಾವುದೆಂದು ಈಗ ನನಗೆ ಮುಂಚಿತವಾಗಿಯೇ ತಿಳಿಯುತ್ತದೆ.

ಅಜ್ಜಿಯ ಒನಕೆಯ ಲೆಕ್ಕವನ್ನೇ ಹೇಳುತ್ತೇನೆ. ಉದ್ದ ಸುಮಾರು ನಾಲ್ಕೂವರೆ ಅಡಿ, ಬಳೆಯ ಅಗಲ ಐದು ಸೆಂಟಿಮೀಟರ್ ಆಸುಪಾಸು. ಬುಡದಲ್ಲಿ ಕಬ್ಬಿಣ ಇರುವುದರಿಂದ ಗುರುತ್ವ ಕೇಂದ್ರ ನಡುಮಧ್ಯಕ್ಕಿಂತ ಸ್ವಲ್ಪ ಕೆಳಗೆ, ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿ ಬರುತ್ತದೆ. ಆ ಕೇಂದ್ರದಿಂದ ಇಳಿಬಿಟ್ಟ ಗೆರೆ ಬಳೆಯ ಅಂಚಿನ ಒಳಗೇ ಇರುವವರೆಗೆ ಒನಕೆ ಬೀಳದು. ಲೆಕ್ಕ ಹಾಕಿದರೆ ಎರಡು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಓರೆಯನ್ನು ಅದು ತಡೆದುಕೊಳ್ಳಬಲ್ಲದು, ಅಂದರೆ ಮೇಲ್ತುದಿ ಎರಡು ಅಂಗುಲದಷ್ಟು ಪಕ್ಕಕ್ಕೆ ಸರಿಯುವವರೆಗೆ ಅವಕಾಶವಿದೆ. ಡಿಗ್ರಿಯ ಮಾತು ವಿಡಿಯೋದಲ್ಲಿ ಬೇಡ. ಎರಡು ಬೆರಳು ತೋರಿಸಿ "ಇಷ್ಟು ವಾಲಿದರೂ ಬೀಳಲ್ಲ" ಎಂದರೆ ಸಾಕು.

ತಟ್ಟೆಯ ನೀರು ಏನು ಮಾಡುತ್ತದೆ ಎಂದು ನೋಡಲು ನೀರಿಲ್ಲದೆಯೂ ನಿಲ್ಲಿಸಿದೆ, ನಿಂತಿತು. ಆದರೂ ನೀರು ವ್ಯರ್ಥವಲ್ಲ. ಒಂದಡಿ ಅಗಲದ ತಟ್ಟೆ ಎರಡು ಡಿಗ್ರಿ ವಾಲಿದ್ದರೆ ಒಂದು ಅಂಚಿನಲ್ಲಿ ನೀರು ಇನ್ನೊಂದು ಅಂಚಿಗಿಂತ ಒಂದು ಸೆಂಟಿಮೀಟರ್ ಆಳವಾಗಿರುತ್ತದೆ. ಅರಿಶಿನ ಕಲಸಿದ್ದರಂತೂ ಇದು ದೂರದಿಂದಲೇ ಕಾಣುತ್ತದೆ. ಹಿರಿಯರು ನೀರು ನೋಡಿ ತಟ್ಟೆಯನ್ನು ಆಚೀಚೆ ಸರಿಸುವುದನ್ನು ನೀವೂ ಕಂಡಿರಬಹುದು. ಗಾರೆಯವರು ಮಟ್ಟ ನೋಡುವ ಕೆಲಸವನ್ನೇ ಅವರು ನೀರಿನಿಂದ ಮಾಡಿಕೊಳ್ಳುತ್ತಾರೆ. ಇದನ್ನು ವಿಡಿಯೋದಲ್ಲಿ ಹೇಳಿದಾಗ ಹೆಂಗಸರಿಗೆ ಬಹಳ ಸಂತೋಷವಾಯಿತು, ಏಕೆಂದರೆ ಅವರ ಕೈಯ ಜಾಣತನಕ್ಕೆ ಅಲ್ಲಿ ಮನ್ನಣೆ ಸಿಕ್ಕಿತ್ತು. ತಟ್ಟೆಯ ತಳ ಮಾತ್ರ ಉಬ್ಬಿರಬಾರದು, ನಡುವೆ ಹೂವಿನ ಕೆತ್ತನೆಯೂ ಇರಬಾರದು.

ಗ್ರಹಣದ ದಿನ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬಂದು ಒನಕೆಯನ್ನು ಹಿಡಿದು ನಿಲ್ಲಿಸುತ್ತದೆ ಎಂದು ಓದಿದ ಹುಡುಗರೇ ವಾದಿಸುತ್ತಾರೆ. ಸೂರ್ಯ, ಭೂಮಿ, ಚಂದ್ರ ಹೆಚ್ಚುಕಡಿಮೆ ಒಂದೇ ಸಾಲಿಗೆ ಬರುವುದು ಪ್ರತಿ ಹುಣ್ಣಿಮೆ, ಅಮಾವಾಸ್ಯೆಯಲ್ಲೂ ಇದೆ. ಸಮುದ್ರದಲ್ಲಿ ಉಬ್ಬರ ತರುವ ಚಂದ್ರನ ಸೆಳೆತವು ಭೂಮಿಯ ಸೆಳೆತದ ಎದುರು ಸುಮಾರು ಒಂದು ಕೋಟಿಯಲ್ಲಿ ಒಂದು ಪಾಲು. ಎರಡು ಕಿಲೋ ತೂಗುವ ಒನಕೆಯ ಮೇಲೆ ಅದು ಒಂದು ಗ್ರಾಂನ ಸಾವಿರದಲ್ಲೊಂದು ಭಾಗವನ್ನೂ ಮುಟ್ಟುವುದಿಲ್ಲ. ಈ ಮಾತಿಗೆ ವಿಡಿಯೋದಲ್ಲಿ ಐದಾರು ಸೆಕೆಂಡು ಮಾತ್ರ ಕೊಟ್ಟೆ.

ಮುಖ್ಯ ಚಿತ್ರೀಕರಣ 2025ರ ಸೆಪ್ಟೆಂಬರ್ 7ರ ಪೂರ್ಣ ಚಂದ್ರಗ್ರಹಣದ ರಾತ್ರಿ ನಡೆಯಿತು. ಅಂದು ನೆರಳು ಮುಟ್ಟಿದ್ದು 9.57ಕ್ಕೆ, ಚಂದ್ರ ನೆರಳಿನಲ್ಲಿ ಪೂರ್ತಿ ಮುಳುಗಿದ್ದು 11.01ಕ್ಕೆ, ಬಿಟ್ಟದ್ದು ನಡುರಾತ್ರಿ ದಾಟಿ 1.26ಕ್ಕೆ. ಅಜ್ಜಿಯ ಮನೆಯ ಪಂಚಾಂಗದಲ್ಲಿದ್ದ ಸ್ಪರ್ಶಕಾಲ, ಮೋಕ್ಷಕಾಲಗಳು ಖಗೋಳಶಾಸ್ತ್ರಜ್ಞರು ಕೊಟ್ಟಿದ್ದ ಈ ಸಮಯಗಳಿಗೆ ಸರಿಹೊಂದಿದ್ದವು. ವಿಡಿಯೋದ ಗೌರವ ನಿಂತಿರುವುದು ಈ ಹೊಂದಿಕೆಯ ಮೇಲೆಯೇ ಎಂದು ನಾನು ತಿಳಿದಿದ್ದೇನೆ. ಗ್ರಹಣವನ್ನು ನೆರಳಿನಿಂದ ವಿವರಿಸಿ ಲೆಕ್ಕ ಹಾಕುವುದನ್ನು ಆರ್ಯಭಟ ಕ್ರಿ.ಶ. 499ರಷ್ಟು ಹಿಂದೆಯೇ ಬರೆದಿಟ್ಟಿದ್ದಾನೆ. ಪಂಚಾಂಗದ ಪುಟದ ಮೇಲೆ ಅಜ್ಜಿಯ ಬೆರಳು ಓಡುವ ದೃಶ್ಯವನ್ನು ಇಟ್ಟು, ಆ ಲೆಕ್ಕ ನಮ್ಮಲ್ಲಿ ಎಷ್ಟು ಹಳೆಯದು ಎಂದು ಹೇಳಿದ ಮೇಲೆ ವಿಜ್ಞಾನ ಹೊರಗಿನಿಂದ ಬಂದದ್ದು ಎಂಬ ಮುನಿಸು ಯಾರಲ್ಲೂ ಉಳಿಯಲಿಲ್ಲ.

ಒನಕೆಯನ್ನು ಪಡಸಾಲೆಯಲ್ಲಿ, ಗೋಡೆ ಗಡಿಯಾರ ಅದೇ ಚೌಕಟ್ಟಿನಲ್ಲಿ ಕಾಣುವಂತೆ ನಿಲ್ಲಿಸಿದೆವು. ಅಂಗಳದಲ್ಲಿ ಗಾಳಿಗೆ ಎರಡು ಬಾರಿ ಬಿದ್ದಿತ್ತು. ಮೊದಲು ಮೊಮ್ಮಗ ಓಡಿ ಬಂದು ಕೆಡವಿದ, ಆಮೇಲೆ ಕರೆಂಟ್ ಹೋಯಿತು. ಚಾರ್ಜಿಂಗ್ ದೀಪ ಇಟ್ಟುಕೊಂಡಿದ್ದರಿಂದ ಚಿತ್ರ ಕೆಡಲಿಲ್ಲ. ಆಕಾಶದಲ್ಲಿ ಮೋಡ ಬಂದು ಹೋಗುತ್ತಿದ್ದುದರಿಂದ ಕೆಂಪು ಚಂದ್ರನ ಚಿತ್ರ ನಾಲ್ಕು ಸೆಕೆಂಡಿಗೆ ಆಗುವಷ್ಟು ಸಿಕ್ಕಿತು, ಅದಕ್ಕಿಂತ ಹೆಚ್ಚು ಬೇಕಾಗಿಯೂ ಇರಲಿಲ್ಲ. 1.26 ಆಯಿತು. ಅಜ್ಜಿ ಒನಕೆಯನ್ನೇ ನೋಡುತ್ತಾ ಕುಳಿತಿದ್ದರು. ಎರಡು ಗಂಟೆಯಾದರೂ ಅದು ನಿಂತೇ ಇತ್ತು. "ಬೀಳ್ಬೇಕಿತ್ತು ಕಣಪ್ಪ, ಯಾಕೋ ಬೀಳ್ಲಿಲ್ಲ" ಎಂದರು. ಅದಕ್ಕೆ ನಾನು ಏನೂ ಸೇರಿಸಲಿಲ್ಲ. ಬೆಳಿಗ್ಗೆ ಬಿಸಿಲು ಬಂದ ಮೇಲೆ, ಸ್ನಾನ ಮುಗಿಸಿ ಅವರೇ ಅದನ್ನು ಎತ್ತಿದರು. ಹತ್ತು ಹದಿನೈದು ದಿನ ಬಿಟ್ಟು ಒಂದು ಮಧ್ಯಾಹ್ನ ಅದೇ ಜಾಗದಲ್ಲಿ, ಅದೇ ತಟ್ಟೆಯಲ್ಲಿ ಅವರ ಕೈಯಿಂದಲೇ ಮತ್ತೆ ನಿಲ್ಲಿಸಿದಾಗಲೂ ಅದು ನಿಂತಿತು. ಬೇರೆ ದಿನಗಳಲ್ಲಿ ಒನಕೆ ಮೂಲೆಗೆ ಒರಗಿರುತ್ತದೆ, ಅದನ್ನು ನಿಲ್ಲಿಸಲು ಯಾರೂ ತಾಳ್ಮೆಯಿಂದ ಕೂರುವುದಿಲ್ಲ. ಗ್ರಹಣ ಬಿಟ್ಟಾಗ ಮನೆ ತೊಳೆಯುವ, ನೀರು ಹೊರುವ ಓಡಾಟದಲ್ಲಿ ಅದು ಅಲುಗಿ ಬೀಳುತ್ತದೆ. ಈ ಎರಡು ವಾಕ್ಯಗಳನ್ನು ಅಜ್ಜಿಯ ಮಗನೇ ತನ್ನ ಮಾತಿನಲ್ಲಿ ಹೇಳಿದ, ಅದನ್ನೇ ಇಟ್ಟುಕೊಂಡೆ.

ಜೋಡಣೆಯಲ್ಲಿ ಒಂದು ವಿಷಯಕ್ಕೆ ಹಟ ಹಿಡಿದೆ. ಮೊದಲ ಇಪ್ಪತ್ತು ಸೆಕೆಂಡು ಅಜ್ಜಿ ನಂಬಿಕೆಯನ್ನು ತಮ್ಮದೇ ಮಾತಿನಲ್ಲಿ, ಅಡ್ಡಿಯಿಲ್ಲದೆ ಹೇಳುತ್ತಾರೆ. ವಿವರಣೆಯ ಎಲ್ಲಿಯೂ "ಮೂಢ" ಎಂಬ ಪದವಿಲ್ಲ, "ಆದರೆ" ಎಂದು ಶುರುವಾಗುವ ವಾಕ್ಯವೂ ಇಲ್ಲ. ರಾತ್ರಿಯ ಭಾಗವನ್ನು ವೇಗವಾಗಿ ಓಡಿಸಿದಾಗ ಗಡಿಯಾರದ ಮುಳ್ಳು ಎಲ್ಲಿಯೂ ನೆಗೆಯದಂತೆ ನೋಡಿಕೊಂಡೆ. ನೆಗೆದರೆ ಕತ್ತರಿಸಿದ್ದಾರೆ ಎನ್ನುತ್ತಾರೆ. ಶುರುವಿನ ಮೂರು ಸೆಕೆಂಡಿನಲ್ಲಿ ಏನಿಟ್ಟೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಮುಂದಿನ ವಿಡಿಯೋಗೂ ಅದು ನನಗೆ ಬೇಕು. ಖರ್ಚು ಮೈಕಿಗೆ ಎರಡೂವರೆ ಸಾವಿರ, ಹಳೆಯ ಟ್ರೈಪಾಡ್‌ಗೆ ಎಂಟುನೂರು, ಪೆಟ್ರೋಲು, ಅಜ್ಜಿಗೆ ಒಂದು ಸೀರೆ. ಎಲ್ಲ ಸೇರಿ ಅನಿಮೇಷನ್‌ಗಿಂತ ಕಡಿಮೆ.

2026ರ ಮಾರ್ಚ್ 3ರ ಗ್ರಹಣಕ್ಕೆ ಎರಡು ದಿನ ಮೊದಲು ಅದನ್ನು ಹಂಚಿದೆ. ಅಂದು ನಮ್ಮಲ್ಲಿ ಚಂದ್ರ ಹುಟ್ಟಿದ್ದು ಸಂಜೆ ಆರೂವರೆಯ ಆಸುಪಾಸಿಗೆ, ಗ್ರಹಣ ಬಿಟ್ಟದ್ದು 6.47ಕ್ಕೆ, ಹೀಗಾಗಿ ಕಾಣುವ ಹೊತ್ತು ಕಾಲು ಗಂಟೆಯಷ್ಟೇ. ಕಾಯುವುದು ಸುಲಭವಾದ್ದರಿಂದ ಅನೇಕರು ಹಿಂದಿನ ದಿನವೇ ಒನಕೆ ನಿಲ್ಲಿಸಿ ನೋಡಿ, ಮರುದಿನ ಬಿಟ್ಟ ಮೇಲೂ ನಿಂತಿದ್ದನ್ನು ಮೊಬೈಲಿನಲ್ಲಿ ಹಿಡಿದು ನನಗೆ ಕಳುಹಿಸಿದರು. ಶಿರಾ ಕಡೆಯ ಒಬ್ಬರು ಮೂರು ಒನಕೆ ಸಾಲಾಗಿ ನಿಲ್ಲಿಸಿದ್ದರು. ಅವರಲ್ಲಿ ಬಹುತೇಕರು ಗ್ರಹಣ ಬಿಟ್ಟ ಮೇಲೆ ಸ್ನಾನ ಮಾಡಿ ದೇವರಿಗೆ ದೀಪ ಹಚ್ಚಿದ್ದಾರೆ. ಅದಕ್ಕೂ ಒನಕೆ ಯಾಕೆ ನಿಲ್ಲುತ್ತದೆ ಎಂಬುದಕ್ಕೂ ಸಂಬಂಧವಿಲ್ಲ, ಅದನ್ನು ತಡೆಯುವುದು ನನ್ನ ಉದ್ದೇಶವೂ ಅಲ್ಲ.

ಈ ಕ್ರಮ ಎಲ್ಲ ನಂಬಿಕೆಗೂ ಹೊಂದುವುದಿಲ್ಲ. ಬಸುರಿ ಗ್ರಹಣದಲ್ಲಿ ಚಾಕು ಹಿಡಿದರೆ ಮಗುವಿಗೆ ಸೀಳುತುಟಿ ಬರುತ್ತದೆ ಎಂಬುದನ್ನು ಮನೆಯಲ್ಲಿ ಮಾಡಿ ನೋಡಿ ಎಂದು ಹೇಳುವಂತಿಲ್ಲ, ಹೇಳಲೂ ಬಾರದು. ಮಗುವಿನ ತುಟಿ ಕೂಡಿಕೊಳ್ಳುವುದು ಗರ್ಭದ ನಾಲ್ಕರಿಂದ ಏಳನೆಯ ವಾರದೊಳಗೆ. ಐದು ಆರನೆಯ ತಿಂಗಳಲ್ಲಿ ಗ್ರಹಣ ಬಂದರೆ ತುಟಿ ಆಗಲೇ ರೂಪುಗೊಂಡಿರುತ್ತದೆ. ಅದನ್ನು ಹೇಳಲು ಅಜ್ಜಿಯೂ ಒನಕೆಯೂ ಸಾಲದು, ಊರಿನ ಹೆರಿಗೆಗಳನ್ನು ನೋಡಿಕೊಂಡ ನರ್ಸಮ್ಮನ ಮಾತೇ ಬೇಕು. ನಮ್ಮೂರ ನರ್ಸಮ್ಮ ಕ್ಯಾಮೆರಾ ಮುಂದೆ ಕೂರಲು ಇನ್ನೂ ಒಪ್ಪಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಗ್ರಹಣಕ್ಕೆಂದು ಊಟ ಬಿಟ್ಟರೆ ಸಕ್ಕರೆ ಇಳಿದು ಅಪಾಯವಾಗುತ್ತದೆ ಎಂಬುದನ್ನೂ ಅದೇ ವಿಡಿಯೋದಲ್ಲಿ ಅವರಿಂದಲೇ ಹೇಳಿಸಬೇಕೆಂದಿದ್ದೇನೆ.