‘ಸೀಲ್ ಓಪನ್ ಆಗಿಲ್ಲ’ ಅನ್ನೋ ಐಫೋನ್ ಫೋಟೋದಲ್ಲಿ ಏನು ನೋಡಬೇಕು

ರಿಫರ್ಬಿಶ್ಡ್ ಐಫೋನನ್ನು ಹೊಸದು ಅಂತ ಮಾರುವವರು ಸಾಮಾನ್ಯವಾಗಿ ಬಾಕ್ಸ್‌ನ ಮುಂಭಾಗದ ಫೋಟೋ ಮಾತ್ರ ಹಾಕುತ್ತಾರೆ. ನೀವು ಹಿಂಭಾಗದ ಫೋಟೋ ಕೇಳಿ. 2021ರ ಐಫೋನ್ 13ರಿಂದ ಬಾಕ್ಸ್‌ಗೆ ಪ್ಲಾಸ್ಟಿಕ್ ಹೊದಿಕೆ ಇಲ್ಲ. ಹಿಂದೆ ಎಳೆದು ಹರಿಯುವ ಕಾಗದದ ಪಟ್ಟಿ ಇರುತ್ತದೆ. ಐಫೋನ್ 14ರ ಬಾಕ್ಸ್ ಪ್ಲಾಸ್ಟಿಕ್‌ನಲ್ಲಿ ಮಿರಮಿರ ಮಿಂಚುತ್ತಿದ್ದರೆ, ಯಾರೋ ಆಮೇಲೆ ಸುತ್ತಿದ್ದಾರೆ ಅಂತಲೇ ಅರ್ಥ. ಪಟ್ಟಿ ಇದ್ದರೂ ಜೂಮ್ ಮಾಡಿ: ಸೊಟ್ಟಗೆ ಅಂಟಿದೆಯಾ, ಅದರ ಕೆಳಗೆ ಬಾಕ್ಸ್‌ನ ಕಾಗದ ಕಿತ್ತು ನವಿರು ಎದ್ದಿದೆಯಾ? ಆದರೆ ಹೊಸ ಪಟ್ಟಿಗಳೂ ಬಿಡಿಯಾಗಿ ಸಿಗುತ್ತವೆ, ಹಾಗಾಗಿ ನೀಟಾಗಿದೆ ಅಂತ ಸುಮ್ನೆ ನಂಬಬೇಡಿ.

ಬಾಕ್ಸ್ ತೆರೆದ ಫೋಟೋ ಇದ್ದರೆ ಇಯರ್‌ಪೀಸ್ ಜಾಲರಿ ನೋಡಿ. ಹಳೆಯ ಸ್ಕ್ರೀನ್ ಗಾರ್ಡ್ ಕಿತ್ತಾಗ ಉಳಿದ ಅಂಟಿಗೆ ಧೂಳು ಹಿಡಿದು, ಗಾಜಿನ ಅಂಚಿನಲ್ಲಿ ಬೂದು ಗೆರೆಯಾಗಿರುತ್ತದೆ. ಬೆಳಕು ಓರೆಯಾಗಿ ಬಿದ್ದಾಗ ಚೆನ್ನಾಗಿ ಕಾಣುತ್ತದೆ.

ಕೇಬಲ್ ಕೂಡ ಸುಳಿವು ಕೊಡುತ್ತದೆ. ಐಫೋನ್ 15ರ ಜೊತೆ ಬರುವುದು ಹೆಣೆದ ಬಟ್ಟೆಯ ಹೊದಿಕೆಯ ಯುಎಸ್‌ಬಿ-ಸಿ ಕೇಬಲ್. ನುಣುಪು ರಬ್ಬರ್ ಕೇಬಲ್ ಕಂಡರೆ ಬದಲಾಯಿಸಿದ್ದಾರೆ.

ಅನುಮಾನ ಉಳಿದರೆ Settings > General > About ಸ್ಕ್ರೀನ್‌ಶಾಟ್ ಕೇಳಿ. Model Number ಸಾಮಾನ್ಯವಾಗಿ M ಅಕ್ಷರದಿಂದ ಶುರುವಾದರೆ ಹೊಸದಾಗಿ ಮಾರಿದ್ದು, F ಆದರೆ ಆಪಲ್ ರಿಫರ್ಬಿಶ್ ಮಾಡಿದ್ದು, N ಆದರೆ ಸರ್ವಿಸ್‌ನಲ್ಲಿ ಬದಲಿ ಕೊಟ್ಟಿದ್ದು. ಆದರೆ ಹೊರಗೆ ರಿಪೇರಿ ಆದ ಫೋನಿನಲ್ಲೂ M ಹಾಗೇ ಉಳಿಯುತ್ತದೆ.