ಕೊನೆಯ ದಿನದ ಮೇಲ್: ಸಿಮ್ ಹಿಂತಿರುಗಿಸುವ ಮುನ್ನ

ಶಿವಮೊಗ್ಗದ ಅಡಿಕೆ ವಹಿವಾಟಿನ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗವನ್ನು ಒಂಬತ್ತು ವರ್ಷಗಳ ನಂತರ ಬಿಟ್ಟಾಗ ನಾನು ಬರೆದ ವಿದಾಯದ ಮೇಲ್ ನನ್ನ ಜೀವನದಲ್ಲಿ ಎರಡನೆಯದು. ಮೊದಲನೆಯದನ್ನು ಅದಕ್ಕೂ ಹಿಂದಿನ ಕೆಲಸದ ಕೊನೆಯ ದಿನ ಸಂಜೆ ಐದೂವರೆಗೆ ಕಳುಹಿಸಿದ್ದೆ. ಆರು ಗಂಟೆಗೆ ನನ್ನ ಖಾತೆ ಮುಚ್ಚಿಹೋಯಿತು. ಮರುದಿನ ಬೆಳಿಗ್ಗೆ ಉತ್ತರ ಬರೆದವರಿಗೆಲ್ಲ ಅವರ ಮೇಲ್ ತಲುಪಿಲ್ಲವೆಂಬ ಸೂಚನೆಯೇ ಮರಳಿ ಬಂದಿತ್ತು. ಫೋನ್ ಮಾಡೋಣವೆಂದರೆ, ಮೇಲ್‌ನ ಕೆಳಗೆ ತಾನಾಗಿಯೇ ಸೇರಿಕೊಳ್ಳುವ ಸಹಿಯಲ್ಲಿದ್ದದ್ದು ಸಂಸ್ಥೆ ಕೊಟ್ಟ ಸಿಯುಜಿ ಸಿಮ್‌ನ ಸಂಖ್ಯೆ. ಆ ಸಿಮ್ಮನ್ನು ನಾನು ಅಂದೇ ಒಪ್ಪಿಸಿ ಬಂದಿದ್ದೆ.

ಆದ್ದರಿಂದ ಈ ಬಾರಿ ಕೊನೆಯ ದಿನಕ್ಕೆ ಒಂದು ವಾರ ಮೊದಲೇ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗನನ್ನು ಕರೆದು, ಖಾತೆ ಯಾವ ಗಳಿಗೆಗೆ ಮುಚ್ಚುತ್ತದೆ ಎಂದು ಕೇಳಿದೆ. ಸಿಬ್ಬಂದಿ ವಿಭಾಗದವರು "ದಿನದ ಕೊನೆಗೆ" ಎಂದಿದ್ದರು. ಅವನು "ನಾಲ್ಕು ಗಂಟೆಗೆ ಸರ್, ಲ್ಯಾಪ್‌ಟಾಪ್ ಕೊಟ್ಟ ತಕ್ಷಣ" ಎಂದ. ಹಾಗಾಗಿ ಮೇಲ್ ಹೊರಡುವ ವೇಳೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಗೊತ್ತುಮಾಡಿಕೊಂಡೆ. ಮಳೆಗಾಲದಲ್ಲಿ ಮಧ್ಯಾಹ್ನದ ಮೇಲೆ ಕರೆಂಟನ್ನು ನಂಬುವಂತಿಲ್ಲ ಎಂಬುದೂ ಅದಕ್ಕೊಂದು ಕಾರಣ.

ಅದೇ ವಾರ ಬ್ಯಾಂಕ್ ಖಾತೆಗೂ ಭವಿಷ್ಯನಿಧಿ ಖಾತೆಗೂ ಜೋಡಿಸಿದ್ದ ಸಿಯುಜಿ ಸಂಖ್ಯೆಯನ್ನು ತೆಗೆದು ನನ್ನ ಸ್ವಂತ ಸಂಖ್ಯೆಯನ್ನು ಹಾಕಿಸಿದೆ. ಇಲ್ಲದಿದ್ದರೆ ನನ್ನ ಒಟಿಪಿಗಳು ನನ್ನ ಜಾಗಕ್ಕೆ ಬರುವವರ ಫೋನಿಗೆ ಹೋಗುತ್ತಿದ್ದವು. ವಾಟ್ಸ್ಆ್ಯಪ್ ಸಂಖ್ಯೆಯನ್ನೂ ಆಗಲೇ ಬದಲಾಯಿಸಿಕೊಂಡೆ.

ಮೇಲ್‌ನ `To` ಜಾಗದಲ್ಲಿ ನನ್ನ ಸ್ವಂತ ಮೇಲ್ ವಿಳಾಸವನ್ನೂ, `Bcc` ಜಾಗದಲ್ಲಿ ಉಳಿದ ಅರವತ್ತು ಜನರನ್ನೂ ಹಾಕಿದೆ. ಒಬ್ಬರು "ಶುಭವಾಗಲಿ" ಎಂದು ಎಲ್ಲರಿಗೂ ಉತ್ತರಿಸಿ, ಅದನ್ನು ನೋಡಿ ಮತ್ತೊಬ್ಬರು ಹಾಗೆಯೇ ಮಾಡಿ, ಸಾಗರದ ಶಾಖೆಯವರ ಪೆಟ್ಟಿಗೆಯೆಲ್ಲ ಶುಭಾಶಯಗಳಿಂದ ತುಂಬಿಹೋಗುವುದು ಇದರಿಂದ ತಪ್ಪುತ್ತದೆ. ಆದರೆ ಇಲ್ಲಿಯೇ ನಾನು ಎಡವಲಿದ್ದೆ. ಸ್ವಂತ ವಿಳಾಸ `To`ದಲ್ಲಿದ್ದರೆ ಉತ್ತರಗಳೂ ಅಲ್ಲಿಗೇ ಬರುತ್ತವೆಂದು ಭಾವಿಸಿದ್ದೆ. ಉತ್ತರ ಹೋಗುವುದು ಕಳುಹಿಸಿದವರ ವಿಳಾಸಕ್ಕೆ, ಅಂದರೆ ನಾಲ್ಕು ಗಂಟೆಗೆ ಮುಚ್ಚಲಿರುವ ಖಾತೆಗೆ. ಹಿಂದಿನ ದಿನ ಪಕ್ಕದ ಮೇಜಿನವರಿಗೆ ಒಂದು ಮೇಲ್ ಕಳುಹಿಸಿ ಉತ್ತರಿಸಲು ಹೇಳಿದಾಗ ಇದು ಬಯಲಾಯಿತು. ನಮ್ಮ ಕಂಪ್ಯೂಟರಿನ ಔಟ್‌ಲುಕ್‌ನಲ್ಲಿ ಹೊಸ ಮೇಲ್ ಬರೆಯುವಾಗ `Options` ಅಡಿಯಲ್ಲಿ `Direct Replies To` ಇತ್ತು. ಅಲ್ಲಿ ಸ್ವಂತ ವಿಳಾಸ ಕೊಟ್ಟು ಮತ್ತೆ ಪರೀಕ್ಷಿಸಿದೆ, ಉತ್ತರ ನನ್ನ ಫೋನಿನಲ್ಲಿ ಬಂದು ಕುಳಿತಿತು. ಆ ಸೌಲಭ್ಯ ಕಾಣದವರು "ಇನ್ನು ಮುಂದೆ ಈ ವಿಳಾಸಕ್ಕೆ ಬರೆಯಿರಿ" ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುವುದು ಒಳ್ಳೆಯದು. ಕೊನೆಯ ಸಾಲಿನವರೆಗೆ ಓದುವವರು ಕಡಿಮೆ.

ಮೇಲ್‌ನಲ್ಲಿ ನನ್ನ ಸ್ವಂತ ಫೋನ್ ಸಂಖ್ಯೆಯನ್ನು ಐದೈದು ಅಂಕಿಗಳಾಗಿ ಬಿಡಿಸಿ, ಚಿತ್ರವಾಗಿಯಲ್ಲದೆ ಅಕ್ಷರವಾಗಿ ಬರೆದೆ; ಹಾಗಿದ್ದರೆ ಬೆರಳಿಟ್ಟು ಉಳಿಸಿಕೊಳ್ಳಬಹುದು. ಹಳೆಯ ಸಹಿಯನ್ನು ಅಳಿಸಿದೆ. ಮಂಡಿ ವರ್ತಕರಿಗೆ ಮಾತ್ರ ಬೇರೆಯೇ ಮೇಲ್ ಹೋಯಿತು: ಬಾಕಿ ಲೆಕ್ಕಗಳನ್ನು ಇನ್ನು ಯಾರು ನೋಡಿಕೊಳ್ಳುತ್ತಾರೆಂಬ ಎರಡು ವಾಕ್ಯಗಳು, ನನ್ನ ಸಂಖ್ಯೆ ಇಲ್ಲ. ಕೆಲಸ ಬಿಟ್ಟ ಮೇಲೂ ಬಿಲ್ಲಿನ ತಕರಾರಿಗೆ ನನ್ನನ್ನೇ ಹುಡುಕಿದರೆ ನನಗೂ ಸಂಸ್ಥೆಗೂ ಸರಿಯಲ್ಲ.

ಕೃತಜ್ಞತೆಯ ಭಾಗವೇ ಹೆಚ್ಚು ಹೊತ್ತು ತೆಗೆದುಕೊಂಡಿತು. ಮೊದಲ ಕರಡಿನಲ್ಲಿ ಎಂಟು ಹೆಸರುಗಳಿದ್ದವು. ಓದುತ್ತಿದ್ದಂತೆ ಒಂಬತ್ತನೆಯವರ ಮುಖ ಕಣ್ಣೆದುರು ಬಂದು, ಎಲ್ಲ ಹೆಸರುಗಳನ್ನೂ ತೆಗೆದುಹಾಕಿದೆ. ಅವುಗಳ ಬದಲಿಗೆ ಹೀಗೆ ಬರೆದೆ: "2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಊರಿಗೆ ನೀರು ನುಗ್ಗಿದಾಗ, ಗೋದಾಮಿನವರು ಬಿಲ್ ಪುಸ್ತಕಗಳ ಕಟ್ಟುಗಳನ್ನು ಹೆಗಲ ಮೇಲೆ ಹೊತ್ತು ಅಟ್ಟಕ್ಕೆ ಸೇರಿಸಿದ್ದರಿಂದಲೇ ಆ ವರ್ಷದ ಲೆಕ್ಕ ನನಗೆ ಸಿಕ್ಕಿತು." ಕಟ್ಟು ಹೊತ್ತವರಿಗೆ ಅದು ತಮ್ಮನ್ನೇ ಕುರಿತದ್ದೆಂದು ಹೆಸರಿಲ್ಲದೆಯೂ ತಿಳಿಯಿತು. ಕೆಲಸ ಕಲಿಸಿದ ಹಿರಿಯರೂ ಸೇರಿ ಐವರಿಗೆ ಬೇರೆ ಬೇರೆಯಾಗಿ ಮೂರು ಸಾಲುಗಳ ಮೇಲ್ ಕಳುಹಿಸಿದೆ. ಕೆಲಸ ಬಿಡಲು ಇದ್ದ ಕಾರಣಗಳನ್ನು ಯಾವುದರಲ್ಲೂ ಬರೆಯಲಿಲ್ಲ.

ನಾಲ್ಕು ಗಂಟೆಗೆ ಲ್ಯಾಪ್‌ಟಾಪನ್ನೂ ಸಿಮ್ಮನ್ನೂ ಒಪ್ಪಿಸುವಷ್ಟರಲ್ಲಿ ಹತ್ತೊಂಬತ್ತು ಉತ್ತರಗಳು ಸ್ವಂತ ವಿಳಾಸಕ್ಕೆ ಬಂದಿದ್ದವು. ಉಳಿದವು ಮರುದಿನವೂ ಬರುತ್ತಲೇ ಇದ್ದವು. ಭಾನುವಾರ ಬೆಳಿಗ್ಗೆ ತೀರ್ಥಹಳ್ಳಿ ಶಾಖೆಯ ಗುಮಾಸ್ತೆ ಫೋನ್ ಮಾಡಿ, "ಅಣ್ಣಾ, ನಂಬರ್ ಸರಿ ಐತಾ ಅಂತ ನೋಡಿದೆ ಅಷ್ಟೇ" ಎಂದರು.