ಮಸೂರದ ಲೆಕ್ಕ: ಚಿಹ್ನೆ ಹಾಕುವುದು ಒಂದೇ ಸಲ

ಮಸೂರದ ಸೂತ್ರ ಬಹುತೇಕ ಎಲ್ಲರಿಗೂ ಬಾಯಿಗೆ ಬರುತ್ತದೆ. ಅಂಕ ಹೋಗುವುದು ಪ್ಲಸ್ಸು, ಮೈನಸ್ಸುಗಳಲ್ಲಿ. ಅದರಲ್ಲೂ ವಸ್ತುವು ಪೀನ ಮಸೂರಕ್ಕೂ ಅದರ ಸಂಗಮಕ್ಕೂ ನಡುವೆ ಇದ್ದಾಗ ಎಡವುವವರು ಹೆಚ್ಚು. ಹಾಗಾಗಿ ಅದನ್ನೇ ಬಿಡಿಸೋಣ.

ಪ್ರಶ್ನೆ: 12 ಸೆಂ.ಮೀ. ಸಂಗಮ ದೂರವಿರುವ ಪೀನ ಮಸೂರದ ಮುಂದೆ, 8 ಸೆಂ.ಮೀ. ದೂರದಲ್ಲಿ 2 ಸೆಂ.ಮೀ. ಎತ್ತರದ ವಸ್ತುವಿದೆ. ಪ್ರತಿಬಿಂಬ ಎಲ್ಲಿ, ಎಷ್ಟು ದೊಡ್ಡದು?

ಮೊದಲು ಚಿತ್ರ. ಅಡ್ಡಕ್ಕೆ 1 ಸೆಂ.ಮೀ. ಎಂದರೆ 4 ಸೆಂ.ಮೀ., ಎತ್ತರಕ್ಕೆ 1 ಸೆಂ.ಮೀ. ಎಂದರೆ 2 ಸೆಂ.ಮೀ. ಎಂದು ಅಳತೆ ಇಟ್ಟುಕೊಳ್ಳಿ. ದ್ಯುತಿ ಕೇಂದ್ರದಿಂದ ಎಡ, ಬಲ ಎರಡೂ ಕಡೆ 3 ಸೆಂ.ಮೀ.ಗೆ ಸಂಗಮಗಳನ್ನು ಗುರುತಿಸಿ, ಎಡಕ್ಕೆ 2 ಸೆಂ.ಮೀ. ದೂರದಲ್ಲಿ 1 ಸೆಂ.ಮೀ. ಎತ್ತರದ ಬಾಣವನ್ನು ನಿಲ್ಲಿಸಿ. ಬಾಣದ ತುದಿಯಿಂದ ಪ್ರಧಾನ ಅಕ್ಷಕ್ಕೆ ಸಮಾಂತರವಾಗಿ ಹೊರಟ ಕಿರಣ, ಮಸೂರ ದಾಟಿ ಬಲಗಡೆಯ ಸಂಗಮದ ಮೂಲಕ ಸಾಗುತ್ತದೆ. ದ್ಯುತಿ ಕೇಂದ್ರದ ಮೂಲಕ ಹೋಗುವ ಕಿರಣ ಬಾಗುವುದಿಲ್ಲ. ಬಲಗಡೆ ಇವೆರಡೂ ಒಂದನ್ನೊಂದು ಬಿಟ್ಟು ದೂರ ಸರಿಯುತ್ತವೆ. ಅವನ್ನು ಚುಕ್ಕೆಗೆರೆಯಲ್ಲಿ ಹಿಂದಕ್ಕೆ ಎಳೆದರೆ ಎಡಕ್ಕೆ 6 ಸೆಂ.ಮೀ. ದೂರದಲ್ಲಿ, ಅಕ್ಷದಿಂದ 3 ಸೆಂ.ಮೀ. ಮೇಲೆ ಕೂಡುತ್ತವೆ. ನಿಜವಾದ ಕಿರಣ ಗಟ್ಟಿಗೆರೆ, ಹಿಂದಕ್ಕೆ ಎಳೆದದ್ದು ಚುಕ್ಕೆಗೆರೆ. ಬಾಣದ ಗುರುತು ಗಟ್ಟಿಗೆರೆಗೆ ಮಾತ್ರ.

ಈಗ ಲೆಕ್ಕ. ಕಾರ್ಟೀಸಿಯನ್ ಪದ್ಧತಿಯಲ್ಲಿ ಅಳತೆಗಳೆಲ್ಲ ದ್ಯುತಿ ಕೇಂದ್ರದಿಂದ. ಬೆಳಕು ಸಾಗುವ ದಿಕ್ಕು ಧನ, ಅದರ ಎದುರು ದಿಕ್ಕು ಋಣ. ಸೂತ್ರಕ್ಕೆ ಕೈ ಹಾಕುವ ಮೊದಲೇ ಒಂದು ಸಾಲು ಬರೆಯಿರಿ:

u = −8 cm, f = +12 cm, v = ?

ಚಿಹ್ನೆಯ ಅಂಕ ನಿಂತಿರುವುದೇ ಈ ಸಾಲಿನ ಮೇಲೆ. ಗೊತ್ತಿಲ್ಲದ v ಗೆ ಮಾತ್ರ ನೀವಾಗಿ ಚಿಹ್ನೆ ಕೊಡಬೇಡಿ. ‘ಮಿಥ್ಯ ಪ್ರತಿಬಿಂಬ ತಾನೇ’ ಎಂದು ಮೊದಲೇ −v ಎಂದು ಬರೆದವರಿಗೆ ಕೊನೆಯಲ್ಲಿ v = +24 ಸಿಗುತ್ತದೆ. ಪ್ರತಿಬಿಂಬ ಬಲಗಡೆಗೆ ಹಾರಿತು!

1/v − 1/u = 1/f
1/v + 1/8 = 1/12
1/v = 1/12 − 1/8 = −1/24
v = −24 cm

ಎಡಕ್ಕೆ 24 ಸೆಂ.ಮೀ.; ಚಿತ್ರದ 6 ಸೆಂ.ಮೀ.ಗೆ ಸರಿಯಾಗಿ ತಾಳೆಯಾಗುತ್ತದೆ. u ಗೆ ಮೈನಸ್ ಹಾಕಲು ಮರೆತಿದ್ದರೆ v = +4.8 ಬರುತ್ತಿತ್ತು. ಬಲಗಡೆ ಕಿರಣಗಳು ಕೂಡುವುದೇ ಇಲ್ಲವೆಂದು ಚಿತ್ರ ಹೇಳುತ್ತಿರುವಾಗ ಈ ಉತ್ತರ ತಪ್ಪೆಂದು ತಿಳಿಯಲು ಮತ್ತೆ ಲೆಕ್ಕ ಮಾಡಬೇಕಿಲ್ಲ.

ವರ್ಧನೆ m = v/u = (−24)/(−8) = +3. ಧನ ಚಿಹ್ನೆ ಎಂದರೆ ನೇರ ಪ್ರತಿಬಿಂಬ. ಎತ್ತರ 6 ಸೆಂ.ಮೀ. ದರ್ಪಣದ −v/u ಇಲ್ಲಿಗೆ ನುಸುಳಿದರೆ ಪ್ರತಿಬಿಂಬ ತಲೆಕೆಳಗಾದೀತು.

ಇದೇ ಪ್ರಶ್ನೆಯಲ್ಲಿ ನಿಮ್ನ ಮಸೂರ ಕೊಟ್ಟರೆ ಬದಲಾಗುವುದು f ಒಂದೇ: −12. ಆಗ v = −4.8 ಸೆಂ.ಮೀ., m = +0.6. ಪ್ರತಿಬಿಂಬ ಈಗಲೂ ಎಡಗಡೆ, ಈಗಲೂ ನೇರ. ಎತ್ತರ ಮಾತ್ರ 1.2 ಸೆಂ.ಮೀ.ಗೆ ಇಳಿಯುತ್ತದೆ.